2 ಕೆವಿಎ ಸಾಕೋ, 3 ಕೆವಿಎ ಬೇಕೋ? ಯುಪಿಎಸ್ ಮೇಲಿನ ಎರಡು ಅಂಕಿಗಳ ಲೆಕ್ಕ

ಪ್ರಶ್ನೆ: ಸರ್, ಮುಧೋಳದಲ್ಲಿ ನನ್ನದೊಂದು ಸಣ್ಣ ರಕ್ತ ತಪಾಸಣೆ ಲ್ಯಾಬ್ ಇದೆ. ಸೆಲ್ ಕೌಂಟರ್, ಬಯೋಕೆಮಿಸ್ಟ್ರಿ ಅನಲೈಸರ್, ಸೆಂಟ್ರಿಫ್ಯೂಜ್, ಇನ್‌ಕ್ಯುಬೇಟರ್, ಎರಡು ಹಳೆಯ ಕಂಪ್ಯೂಟರ್, ಲೇಸರ್ ಪ್ರಿಂಟರ್, ಒಂದು ಫ್ರಿಜ್ ಇವೆ. ಟೆಸ್ಟ್ ನಡುವೆ ಕರೆಂಟ್ ಹೋದರೆ ಎಲ್ಲ ಮತ್ತೆ ಮೊದಲಿಂದ ಮಾಡಬೇಕು. ಆನ್‌ಲೈನ್ ಯುಪಿಎಸ್ ಹಾಕಿಸೋಣ ಎಂದರೆ ಬಾಗಲಕೋಟೆಯ ಒಬ್ಬ ಡೀಲರ್ 2 ಕೆವಿಎ ಸಾಕು ಅಂತಾರೆ, ಇನ್ನೊಬ್ಬರು 3 ಕೆವಿಎ ಬೇಕೇ ಬೇಕು ಅಂತಾರೆ. 3 ಕೆವಿಎ ಅಂದರೆ 3 ಕಿಲೋವ್ಯಾಟ್ ತಾನೇ? ಹಾಗಿದ್ದರೆ ಕೊಟೇಶನ್ನಿನ ಕೆಳಗೆ 2400 ವ್ಯಾಟ್ ಎಂದು ಯಾಕೆ ಬರೆದಿದ್ದಾರೆ? ಉಳಿದ 600 ಎಲ್ಲಿ ಹೋಯಿತು? ಯಾವುದನ್ನು ತಗೊಳ್ಳಲಿ, ಎಷ್ಟು ಹೊತ್ತು ನಡೆಯುತ್ತದೆ?

ಉತ್ತರ: ಆ 600 ಎಲ್ಲೂ ಹೋಗಿಲ್ಲ, ಮೊದಲಿಂದಲೂ ಇರಲೇ ಇಲ್ಲ. 3 ಕೆವಿಎ ಮತ್ತು 2400 ವ್ಯಾಟ್ ಎಂಬುವು ಒಂದೇ ಡಬ್ಬಿಯ ಎರಡು ಬೇರೆ ಬೇರೆ ಮಿತಿಗಳು. ಎರಡರಲ್ಲಿ ಯಾವುದನ್ನು ದಾಟಿದರೂ ಯುಪಿಎಸ್ ಓವರ್‌ಲೋಡ್ ಎಂದು ಕೂಗಿಕೊಳ್ಳುತ್ತದೆ. ನಿಮ್ಮ ಲ್ಯಾಬಿಗೆ 1600 ವ್ಯಾಟ್‌ನ 2 ಕೆವಿಎ ಸಾಕು, ಆದರೆ ಲೇಸರ್ ಪ್ರಿಂಟರ್ ಮತ್ತು ಫ್ರಿಜ್ ಅದರ ಮೇಲೆ ಇರಬಾರದು. ಅವೆರಡೂ ಇರಲೇಬೇಕು ಎಂದರೆ 3 ಕೆವಿಎ ಕೂಡ ನಿರಾಳವಲ್ಲ. ಇಬ್ಬರು ಡೀಲರ್‌ಗಳಲ್ಲಿ ಯಾರೂ ನಿಮಗೆ ಸುಳ್ಳು ಹೇಳಿದಂತಿಲ್ಲ, ಬಹುಶಃ ಒಬ್ಬರು ಪ್ರಿಂಟರ್ ಬಿಟ್ಟು ಲೆಕ್ಕ ಹಾಕಿದ್ದಾರೆ, ಇನ್ನೊಬ್ಬರು ಸೇರಿಸಿ ಹಾಕಿದ್ದಾರೆ.

ಈಗ ಲೆಕ್ಕಕ್ಕೆ ಬರೋಣ. ವಿಎ ಎಂದರೆ ವೋಲ್ಟ್ ಗುಣಿಸು ಆಂಪಿಯರ್, ಅಷ್ಟೇ. 230 ವೋಲ್ಟ್ ಲೈನಿನಲ್ಲಿ 10 ಆಂಪಿಯರ್ ಹರಿಯುತ್ತಿದ್ದರೆ ಅದು 2300 ವಿಎ, ಅಂದರೆ 2.3 ಕೆವಿಎ. ತಂತಿಯಲ್ಲಿ ಎಷ್ಟು ಕರೆಂಟ್ ಓಡಾಡುತ್ತಿದೆ ಎಂಬುದನ್ನು ಮಾತ್ರ ಇದು ಹೇಳುತ್ತದೆ. ಆ ಕರೆಂಟಿನಿಂದ ನಿಜಕ್ಕೂ ಎಷ್ಟು ಕೆಲಸವಾಯಿತು, ಅಂದರೆ ಎಷ್ಟು ಬಿಸಿಯಾಯಿತು, ಎಷ್ಟು ತಿರುಗಿತು, ಎಷ್ಟು ಬೆಳಕಾಯಿತು ಎಂದು ಹೇಳುವುದು ವ್ಯಾಟ್. ಬ್ಯಾಟರಿಯಿಂದ ಬರುವ ಡಿಸಿ ಕರೆಂಟಿನಲ್ಲಿ ಇವೆರಡೂ ಒಂದೇ. ಮನೆಗೆ ಬರುವ ಎಸಿಯಲ್ಲಿ ವೋಲ್ಟೇಜು ಸೆಕೆಂಡಿಗೆ 50 ಸುತ್ತು ಏರುತ್ತ ಇಳಿಯುತ್ತ ದಿಕ್ಕು ಬದಲಿಸುತ್ತದೆ. ಆ ಏರಿಳಿತಕ್ಕೆ ಕರೆಂಟು ಹೆಜ್ಜೆಗೆ ಹೆಜ್ಜೆ ಹೊಂದಿಕೊಂಡು ಹರಿದರೆ ವಿಎ ಮತ್ತು ವ್ಯಾಟ್ ಸಮ. ಹೊಂದದಿದ್ದರೆ ವ್ಯಾಟ್ ಕಡಿಮೆ. ವ್ಯಾಟನ್ನು ವಿಎಯಿಂದ ಭಾಗಿಸಿದಾಗ ಬರುವ ಅಂಕಿಯೇ ಪವರ್ ಫ್ಯಾಕ್ಟರ್. ನಿಮ್ಮ ಕೊಟೇಶನ್ನಿನ 2400 ಭಾಗಿಸು 3000 ಎಂದರೆ 0.8. ಸೂತ್ರವಾಗಿ ಬೇಕಿದ್ದರೆ:

```
W = V × A × PF
```

ಕರೆಂಟು ಹೆಜ್ಜೆ ತಪ್ಪುವುದು ಹೇಗೆ ಎಂದು ತಿಳಿಯಲು ಬೇರೆಲ್ಲೂ ಹೋಗಬೇಕಿಲ್ಲ, ನಿಮ್ಮ ಲ್ಯಾಬಿನಲ್ಲೇ ಮೂರೂ ಬಗೆಯ ಯಂತ್ರಗಳಿವೆ.

ಇನ್‌ಕ್ಯುಬೇಟರ್ ಒಳಗಿರುವುದು ಹೀಟರ್ ಕಾಯಿಲ್. ಅದಕ್ಕೆ ಯಾವ ತಕರಾರೂ ಇಲ್ಲ. ವೋಲ್ಟೇಜು ಏರಿದಾಗ ಕರೆಂಟೂ ಏರುತ್ತದೆ, ಇಳಿದಾಗ ಇಳಿಯುತ್ತದೆ. 300 ವ್ಯಾಟಿನ ಇನ್‌ಕ್ಯುಬೇಟರ್ 300 ವಿಎಯನ್ನೇ ಎಳೆಯುತ್ತದೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ಕೆಟಲ್ ಎಲ್ಲ ಇದೇ ಜಾತಿ.

ಫ್ರಿಜ್ಜಿನ ಕಂಪ್ರೆಸರ್ ಮೋಟಾರು ಎರಡನೆಯ ಬಗೆ. ಮೋಟಾರು ತಿರುಗಬೇಕಾದರೆ ಮೊದಲು ಅದರೊಳಗೆ ಅಯಸ್ಕಾಂತ ಹುಟ್ಟಬೇಕು. ಅದಕ್ಕಾಗಿ ಲೈನಿನಿಂದ ಒಂದಿಷ್ಟು ಶಕ್ತಿ ಒಳಗೆ ಹೋಗುತ್ತದೆ, ಮರುಕ್ಷಣ ಅದೇ ಶಕ್ತಿ ಲೈನಿಗೇ ವಾಪಸ್ ಬರುತ್ತದೆ. ಸೆಕೆಂಡಿಗೆ ನೂರು ಸಲ ಈ ಹೋಗಿಬರುವ ಆಟ ನಡೆದೇ ಇರುತ್ತದೆ. ಇದರಿಂದ ಕೆಲಸವೇನೂ ಆಗುವುದಿಲ್ಲ, ಆದರೆ ಕರೆಂಟು ಮಾತ್ರ ತಂತಿಯಲ್ಲಿ ಓಡಾಡುತ್ತದೆ, ತಂತಿ ಬಿಸಿಯಾಗುತ್ತದೆ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪಕ್ಕ ಕೆಪಾಸಿಟರ್ ಕೂಡಿಸಿರಿ ಎಂದು ರೈತರಿಗೆ ಹೇಳುವುದು ಇದೇ ಕಾರಣಕ್ಕೆ. ಮೋಟಾರು ವಾಪಸ್ ಕೊಟ್ಟಿದ್ದನ್ನು ಕೆಪಾಸಿಟರ್ ಅಲ್ಲೇ ಹಿಡಿದಿಟ್ಟುಕೊಂಡು ಮತ್ತೆ ಕೊಡುತ್ತದೆ. ಆ ಕರೆಂಟು ದೂರದ ಟಿಸಿವರೆಗೆ ಹೋಗಿಬರುವುದು ತಪ್ಪುತ್ತದೆ.

ಮೂರನೆಯದು ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್ ತುಂಬಿದ ಅನಲೈಸರ್‌ಗಳು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಯುಪಿಎಸ್ ವಿಷಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಮೋಟಾರು ಇಲ್ಲದ ಕಡೆ ಪವರ್ ಫ್ಯಾಕ್ಟರ್ ಮಾತೇ ಬರುವುದಿಲ್ಲ ಎಂದುಕೊಂಡಿರುತ್ತಾರೆ. ಹಳೆಯ ಕಂಪ್ಯೂಟರಿಗೆ ಒಳಗಿಂದ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಎಂಬ ಡಬ್ಬಿಯ ಒಳಗೆ ಮೊದಲಿಗೇ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಲೈನಿನ ವೋಲ್ಟೇಜು ಏರಿ ಏರಿ ತುದಿ ಮುಟ್ಟುವ ಹೊತ್ತಿಗೆ ಮಾತ್ರ ಅದು ಬಾಯಿ ತೆರೆದು ಗಟಗಟ ಕುಡಿಯುತ್ತದೆ, ಉಳಿದ ಹೊತ್ತು ಬಾಯಿ ಮುಚ್ಚಿ ಕೂತಿರುತ್ತದೆ. ನಮ್ಮ ಕಡೆ ನಳಕ್ಕೆ ನೀರು ಬಿಡುವ ದಿನವನ್ನು ನೆನೆಸಿಕೊಳ್ಳಿ. ನೀರು ದಿನವಿಡೀ ಬರುತ್ತಿದ್ದರೆ ಸಣ್ಣ ಪೈಪೇ ಸಾಕಿತ್ತು. ಒಂದೇ ತಾಸು ಬಿಡುತ್ತಾರೆ, ಅಷ್ಟರಲ್ಲೇ ಓಣಿಯವರೆಲ್ಲ ತುಂಬಿಸಿಕೊಳ್ಳಬೇಕು, ಹಾಗಾಗಿ ಪೈಪು ದಪ್ಪ ಇರಲೇಬೇಕು. ಒಟ್ಟು ನೀರು ಅಷ್ಟೇ ಇದ್ದರೂ ಪೈಪು ದೊಡ್ಡದು.

ವಿದ್ಯುತ್ತಿನಲ್ಲಿ ಇದರ ಪೆಟ್ಟು ಇನ್ನೂ ಜಾಸ್ತಿ, ಯಾಕೆಂದರೆ ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ತಂತಿಯಲ್ಲಿ ಸದಾ 1 ಆಂಪಿಯರ್ ಹರಿಯುತ್ತಿದೆ ಎನ್ನಿ. ಇನ್ನೊಂದರಲ್ಲಿ ಮೂರನೇ ಒಂದು ಪಾಲು ಸಮಯ ಮಾತ್ರ 3 ಆಂಪಿಯರ್ ಹರಿದು ಉಳಿದ ಸಮಯ ಸುಮ್ಮನಿರುತ್ತದೆ. ಸರಾಸರಿ ತೆಗೆದರೆ ಎರಡರಲ್ಲೂ 1 ಆಂಪಿಯರೇ. ಆದರೆ ಬಿಸಿ? ಮೊದಲನೆಯದರಲ್ಲಿ ಒಂದು ಪಾಲು. ಎರಡನೆಯದರಲ್ಲಿ 3ರ ವರ್ಗ 9, ಅದರ ಮೂರನೇ ಒಂದು ಭಾಗ 3, ಅಂದರೆ ಮೂರು ಪಾಲು. ತಂತಿಯ ಲೆಕ್ಕದಲ್ಲಿ ಎರಡನೆಯದು 1 ಅಲ್ಲ, 3ರ ವರ್ಗಮೂಲದಷ್ಟು, ಸುಮಾರು 1.73 ಆಂಪಿಯರ್ ಕರೆಂಟು. ಕಂಪ್ಯೂಟರ್ ಮಾಡಿದ ಕೆಲಸ ಒಂದೇ, ಯುಪಿಎಸ್ ಹೊತ್ತ ಭಾರ ಮುಕ್ಕಾಲು ಪಟ್ಟು ಹೆಚ್ಚು. ಇಂಥ ಹಳೆಯ ಎಸ್‌ಎಂಪಿಎಸ್‌ಗಳ ಪವರ್ ಫ್ಯಾಕ್ಟರ್ 0.6ರಿಂದ 0.7ರ ಆಸುಪಾಸಿನಲ್ಲಿ ಬರುವುದು ಹೀಗೆ. ಈಚಿನ ಒಳ್ಳೆಯ ಎಸ್‌ಎಂಪಿಎಸ್‌ಗಳ ಮೇಲೆ ಆಕ್ಟಿವ್ ಪಿಎಫ್‌ಸಿ ಎಂದು ಬರೆದಿರುತ್ತದೆ. ಅವು ಕರೆಂಟನ್ನು ಹದವಾಗಿ ಹೀರುವಂತೆ ಮಾಡಿದವು, 0.95ರ ಮೇಲೆಯೇ ಇರುತ್ತವೆ.

ಇನ್ನು ಯುಪಿಎಸ್‌ಗೆ ಎರಡು ಮಿತಿ ಯಾಕೆ ಎಂಬುದು. ಅದರ ಒಳಗಿನ ಸ್ವಿಚಿಂಗ್ ಟ್ರಾನ್ಸಿಸ್ಟರ್‌ಗಳು, ಔಟ್‌ಪುಟ್ ಫಿಲ್ಟರಿನ ಕಾಯಿಲ್, ತಂತಿ, ಟರ್ಮಿನಲ್ ಇವೆಲ್ಲ ಕರೆಂಟಿಗೆ ಬಿಸಿಯಾಗುವ ಭಾಗಗಳು. ಆ ಕರೆಂಟು ಕೆಲಸ ಮಾಡಿತೋ ಸುಮ್ಮನೆ ಹೋಗಿಬಂತೋ ಅವುಗಳಿಗೆ ಬೇಕಿಲ್ಲ. ಅವುಗಳ ಮಿತಿಯೇ ಕೆವಿಎ. ಆದರೆ ಹೊರಗೆ ಖರ್ಚಾದ ಶಕ್ತಿಯನ್ನು ಎಲ್ಲಿಂದಲೋ ತರಬೇಕಲ್ಲ? ಕರೆಂಟ್ ಇದ್ದಾಗ ಅದನ್ನು ತರುವುದು ಯುಪಿಎಸ್‌ನ ಮುಂಭಾಗದ ರೆಕ್ಟಿಫೈಯರ್, ಹೋದಾಗ ಬ್ಯಾಟರಿ ಮತ್ತು ಬ್ಯಾಟರಿಯ ವೋಲ್ಟೇಜನ್ನು ಎತ್ತುವ ಸರ್ಕ್ಯೂಟು. ಇವುಗಳ ಮಿತಿ ವ್ಯಾಟ್. ತಯಾರಕರು ಹಣ ಉಳಿಸುವುದಕ್ಕೆ ಈ ಎರಡನೆಯ ಭಾಗವನ್ನು ಸಣ್ಣದು ಮಾಡಬಹುದು. ಹಾಗೆ ಮಾಡಿದ್ದೇ 600 ವಿಎ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹಿಂದುಗಡೆ 360 ವ್ಯಾಟ್ ಎಂದು ಸಣ್ಣದಾಗಿ ಬರೆಯುವ ಮನೆಬಳಕೆಯ ಕಂಪ್ಯೂಟರ್ ಯುಪಿಎಸ್. ಅಲ್ಲಿ ಪವರ್ ಫ್ಯಾಕ್ಟರ್ 0.6.

ಕೆವಿಎಯನ್ನೇ ಮುಂದೆ ಬರೆಯುವುದರಲ್ಲಿ ವ್ಯಾಪಾರದ ಜಾಣತನ ಇದೆ, ಇಲ್ಲವೆನ್ನಲಾರೆ. ಆದರೆ ಪೂರ್ತಿ ಮೋಸವಲ್ಲ. ನಿಮ್ಮ ಓಣಿಯ ಕಂಬದ ಮೇಲಿನ ಟಿಸಿಯ ತಗಡನ್ನು ಓದಿ ನೋಡಿ, 25 ಕೆವಿಎ, 63 ಕೆವಿಎ, 100 ಕೆವಿಎ ಎಂದೇ ಇರುತ್ತದೆ, ಕಿಲೋವ್ಯಾಟ್ ಎಂದು ಇರುವುದಿಲ್ಲ. ಅದನ್ನು ತಯಾರಿಸಿದವನಿಗೆ ನಾಳೆ ಅದರ ಕೆಳಗೆ ಹಿಟ್ಟಿನ ಗಿರಣಿ ಬರುತ್ತದೋ ಮನೆಗಳು ಬರುತ್ತವೋ ಗೊತ್ತಿಲ್ಲ. ಇಷ್ಟು ಕರೆಂಟು ತಡೆಯುತ್ತದೆ ಎಂದಷ್ಟೇ ಅವನು ಹೇಳಬಲ್ಲ. ಅದೇ ಗಿರಣಿಯ ಮೋಟಾರಿನ ಮೇಲೆ ಎಚ್‌ಪಿ ಅಥವಾ ಕಿಲೋವ್ಯಾಟ್ ಬರೆದಿರುತ್ತದೆ, ಯಾಕೆಂದರೆ ಅದರ ಕೆಲಸ ಏನೆಂದು ಮೊದಲೇ ಗೊತ್ತು. ಯುಪಿಎಸ್ ಇವೆರಡರ ನಡುವಿನದು, ಹಾಗಾಗಿ ಎರಡೂ ಅಂಕಿ ಬೇಕು.

ಈಗ ನಿಮ್ಮ ಲ್ಯಾಬಿನ ಲೆಕ್ಕ. ಯಂತ್ರದ ಹಿಂದಿನ ತಗಡಿನ ಮೇಲೆ ಇರುವುದು ಅದು ಅತಿ ಹೆಚ್ಚೆಂದರೆ ಎಳೆಯಬಹುದಾದದ್ದು, ಸದಾ ಎಳೆಯುವುದಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದಿದ್ದರೆ ಅದು ಕೊಡಬಲ್ಲ ಸಾಮರ್ಥ್ಯ. ರಿಪೋರ್ಟ್ ಟೈಪ್ ಮಾಡುವ ಕಂಪ್ಯೂಟರ್ ಮಾನಿಟರ್ ಸೇರಿ 100 ವ್ಯಾಟಿನ ಆಚೀಚೆ ಇರುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಅಳೆದೇ ನೋಡಿ. ಸಾಕೆಟ್ ಮತ್ತು ಪ್ಲಗ್ ನಡುವೆ ಸಿಕ್ಕಿಸುವ ವ್ಯಾಟ್‌ಮೀಟರ್ ಸಿಗುತ್ತದೆ, ವ್ಯಾಟ್, ಆಂಪಿಯರ್, ಪವರ್ ಫ್ಯಾಕ್ಟರ್ ಮೂರನ್ನೂ ತೋರಿಸುವಂಥದ್ದನ್ನು ತಗೊಳ್ಳಿ. ಒಂದೊಂದೇ ಯಂತ್ರಕ್ಕೆ ಹಾಕಿ, ಟೆಸ್ಟ್ ನಡೆಯುತ್ತಿರುವಾಗ ಕಾಣುವ ಅತಿ ದೊಡ್ಡ ಅಂಕಿಯನ್ನು ಬರೆದುಕೊಳ್ಳಿ. ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ತಂದರೆ ಎರಡು ವಿಷಯ ನೆನಪಿರಲಿ. ಅದರಲ್ಲಿ ಸಿಗುವುದು ಆಂಪಿಯರ್, ಅಂದರೆ ವಿಎ ಮಾತ್ರ, ವ್ಯಾಟ್ ಸಿಗುವುದಿಲ್ಲ. ಅದರ ಮೇಲೆ ಟ್ರೂ ಆರ್‌ಎಂಎಸ್ ಎಂದು ಬರೆದಿರದಿದ್ದರೆ, ಕಂಪ್ಯೂಟರಿನಂತೆ ಗಟಗಟ ಕುಡಿಯುವ ಯಂತ್ರಗಳ ಕರೆಂಟನ್ನು ಅದು ಇರುವುದಕ್ಕಿಂತ ಸಾಕಷ್ಟು ಕಡಿಮೆ ತೋರಿಸುತ್ತದೆ.

ನೀವು ಅಳೆಯುವವರೆಗೆ ಇಂಥ ಸಣ್ಣ ಲ್ಯಾಬ್‌ಗಳಿಗೆ ಹೊಂದುವ ಅಂಕಿಗಳನ್ನು ಇಟ್ಟುಕೊಂಡು ನೋಡೋಣ. ಸೆಲ್ ಕೌಂಟರ್‌ಗೆ 300 ವಿಎ, 210 ವ್ಯಾಟ್. ಬಯೋಕೆಮಿಸ್ಟ್ರಿ ಅನಲೈಸರ್‌ಗೆ 150 ವಿಎ, 100 ವ್ಯಾಟ್. ಸೆಂಟ್ರಿಫ್ಯೂಜ್ ತಿರುಗುವಾಗ 250 ವ್ಯಾಟ್, ಪವರ್ ಫ್ಯಾಕ್ಟರ್ 0.7 ಎಂದು ಹಿಡಿದರೆ ಸುಮಾರು 360 ವಿಎ. ಇನ್‌ಕ್ಯುಬೇಟರ್ ಎರಡರಲ್ಲೂ 300. ಹಳೆಯ ಕಂಪ್ಯೂಟರ್ ಎರಡೂ ಸೇರಿ 300 ವಿಎ, 200 ವ್ಯಾಟ್. ಎರಡು ಎಲ್‌ಇಡಿ ದೀಪ, ಮೋಡೆಮ್ ಇತ್ಯಾದಿಗೆ 100 ವಿಎ, 60 ವ್ಯಾಟ್. ವಿಎಗಳನ್ನು ಬೇರೆ, ವ್ಯಾಟ್‌ಗಳನ್ನು ಬೇರೆ ಕೂಡಿಸಿ. 1510 ವಿಎ, 1120 ವ್ಯಾಟ್. ಬೇರೆ ಬೇರೆ ಜಾತಿಯ ಯಂತ್ರಗಳ ವಿಎಗಳನ್ನು ಹೀಗೆ ನೇರವಾಗಿ ಕೂಡಿಸಿದರೆ ಉತ್ತರ ನಿಜಕ್ಕಿಂತ ಒಂದಿಷ್ಟು ಹೆಚ್ಚೇ ಬರುತ್ತದೆ, ಅದು ಇರಲಿ, ನಮಗೆ ಅನುಕೂಲವೇ.

2 ಕೆವಿಎ ಯುಪಿಎಸ್ 1600 ವ್ಯಾಟಿನದ್ದಾಗಿದ್ದರೆ ವಿಎ ಲೆಕ್ಕದಲ್ಲಿ 2000ಕ್ಕೆ 1510, ಸುಮಾರು ಶೇ. 75. ವ್ಯಾಟ್ ಲೆಕ್ಕದಲ್ಲಿ 1600ಕ್ಕೆ 1120, ಶೇ. 70. ಎರಡೂ ಕಡೆ ಕಾಲು ಭಾಗದಷ್ಟು ಜಾಗ ಉಳಿದಿದೆ. ನಾನು ಇಷ್ಟಕ್ಕೇ ಸಮಾಧಾನಪಡುತ್ತೇನೆ. ಆದರೆ ಅದೇ 2 ಕೆವಿಎ ಹೆಸರಿನಲ್ಲಿ 1200 ವ್ಯಾಟಿನ ಯುಪಿಎಸ್‌ಗಳೂ ಮಾರಾಟಕ್ಕಿವೆ, ಅಗ್ಗದ ಲೈನ್ ಇಂಟರಾಕ್ಟಿವ್ ಮಾದರಿಗಳು ಹೆಚ್ಚಾಗಿ ಹೀಗಿರುತ್ತವೆ. ಅದರ ಮೇಲೆ ನಿಮ್ಮ 1120 ವ್ಯಾಟ್ ಶೇ. 93. ವಿಎ ಲೆಕ್ಕದಲ್ಲಿ ನಿರಾಳ, ವ್ಯಾಟ್ ಲೆಕ್ಕದಲ್ಲಿ ಕುತ್ತಿಗೆವರೆಗೆ. ಇನ್ನೊಂದು ಪುಟ್ಟ ಯಂತ್ರ ಕೂಡಿಸಿದರೆ ಮುಗಿಯಿತು. ಎರಡು ಅಂಗಡಿಯ 2 ಕೆವಿಎಗಳ ಬೆಲೆ ಹೋಲಿಸುವಾಗ ಅವು ಒಂದೇ ಮಾಲು ಅಲ್ಲದಿರಬಹುದು, ಬೆಲೆಯನ್ನು ವ್ಯಾಟಿಗೆ ಹಂಚಿ ನೋಡಿ.

ಇದರ ಉಲ್ಟಾ ಸಂಗತಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದುವವರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವರೂ ಇರುತ್ತಾರೆ. 2 ಕೆವಿಎ, 1600 ವ್ಯಾಟಿನ ಇದೇ ಯುಪಿಎಸ್ ಮೇಲೆ ನಿಮ್ಮಲ್ಲಿರುವಂಥ ಹಳೆಯ ಕಂಪ್ಯೂಟರ್ ಮಾತ್ರ ಹಾಕುತ್ತ ಹೋದರೆ ಒಂದೊಂದಕ್ಕೆ 100 ವ್ಯಾಟ್, 150 ವಿಎ. ಹನ್ನೆರಡಕ್ಕೆ 1200 ವ್ಯಾಟ್, 1800 ವಿಎ. ಹದಿನಾಲ್ಕಕ್ಕೆ 1400 ವ್ಯಾಟ್, 2100 ವಿಎ. ವ್ಯಾಟ್‌ನಲ್ಲಿ ಇನ್ನೂ 200 ಉಳಿದಿದ್ದರೂ ಓವರ್‌ಲೋಡ್ ದೀಪ ಹತ್ತುತ್ತದೆ. "1600 ವ್ಯಾಟ್ ಐತಿ ಅಂದ್ರಲ್ರಿ, 1400ಕ್ಕ ಯಾಕ ಕೂಗಾಕತೈತಿ?" ಎಂಬ ಫೋನು ಬರುವುದು ಇಂಥ ಜಾಗದಿಂದಲೇ. ಹೀಟರ್ ಇರುವ ಕಡೆ ಮೊದಲು ವ್ಯಾಟ್ ಮುಗಿಯುತ್ತದೆ, ಹಳೆಯ ಕಂಪ್ಯೂಟರ್ ಇರುವ ಕಡೆ ಮೊದಲು ವಿಎ ಮುಗಿಯುತ್ತದೆ.

ಈಗ ಪ್ರಿಂಟರ್. ಲೇಸರ್ ಪ್ರಿಂಟರಿನೊಳಗೆ ಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಫ್ಯೂಸರ್ ಎಂಬ ಹೀಟರ್ ಇದೆ. ಸುಮ್ಮನಿದ್ದಾಗ ಪ್ರಿಂಟರ್ ಕೆಲವೇ ವ್ಯಾಟ್. ಪ್ರಿಂಟ್ ಕೊಟ್ಟ ಕೂಡಲೇ ಕೆಲವು ಸೆಕೆಂಡು ಸಾವಿರ ವ್ಯಾಟಿನ ಹತ್ತಿರ ಎಳೆಯುತ್ತದೆ. ನಿಮ್ಮ 1120ಕ್ಕೆ ಸಾವಿರ ಕೂಡಿಸಿದರೆ 2120 ವ್ಯಾಟ್. 1600ರ ಯುಪಿಎಸ್‌ಗೆ ಇದು ಶೇ. 132. 2400ರದ್ದಕ್ಕೆ ಶೇ. 88. ನಿಮ್ಮ ಎರಡನೆಯ ಡೀಲರ್ 3 ಕೆವಿಎ ಎಂದದ್ದು ಇಲ್ಲಿಂದ ಬಂದಿರಬೇಕು. ಅದರ ಮೇಲೆ ಫ್ರಿಜ್ಜು. ತಿರುಗುವಾಗ ಅದು 1 ಆಂಪಿಯರ್, 230 ವಿಎ ಅಷ್ಟೇ. ಆದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು, ಅಂದರೆ 1200ರಿಂದ 1400 ವಿಎ ಒಮ್ಮೆಗೇ ಎಳೆಯುತ್ತದೆ. ನಿಮ್ಮ 1510 ವಿಎ, ಪ್ರಿಂಟರಿನ 1000, ಫ್ರಿಜ್ಜಿನ 1400 ಒಂದೇ ಗಳಿಗೆಗೆ ಕೂಡಿಬಂದರೆ 3910 ವಿಎ. 3 ಕೆವಿಎ ಕೂಡ ಕೆಮ್ಮುತ್ತದೆ. ದಿನವೂ ಕೂಡಿಬರುವುದಿಲ್ಲ, ಆದರೆ ಕೂಡಿಬಂದ ದಿನ ಮಷೀನಿನಲ್ಲಿ ಯಾರದೋ ಸ್ಯಾಂಪಲ್ ಇರುತ್ತದೆ.

ಆದ್ದರಿಂದ ದೊಡ್ಡ ಯುಪಿಎಸ್ ಕೊಳ್ಳುವ ಬದಲು ಇವೆರಡನ್ನೂ ಹೊರಗಿಡುವುದೇ ನನ್ನ ಸಲಹೆ. ರಿಪೋರ್ಟ್ ಪ್ರಿಂಟ್ ಕರೆಂಟ್ ಬಂದ ಮೇಲೆ ಆದರೂ ನಡೆಯುತ್ತದೆ, ಇಲ್ಲವೇ ಹೀಟರ್ ಇಲ್ಲದ ಇಂಕ್ ಟ್ಯಾಂಕ್ ಪ್ರಿಂಟರ್ ಇಟ್ಟುಕೊಳ್ಳಿ, ಅದು ಯುಪಿಎಸ್‌ಗೆ ಹೊರೆಯೇ ಅಲ್ಲ. ಫ್ರಿಜ್ಜಿನ ಬಾಗಿಲು ತೆಗೆಯದೆ ಇದ್ದರೆ ಸಣ್ಣಪುಟ್ಟ ಕರೆಂಟ್ ಕಡಿತಕ್ಕೆ ಒಳಗಿನ ರೀಏಜೆಂಟ್‌ಗಳು ತಂಪಾಗಿಯೇ ಇರುತ್ತವೆ. ತಾಸುಗಟ್ಟಲೆ ಹೋಗುವ ಊರಾದರೆ ಫ್ರಿಜ್ಜಿಗೆ ಬೇರೆ ಇನ್ವರ್ಟರ್ ಅಥವಾ ಜನರೇಟರ್ ಬೇಕು, ಅದನ್ನು ಅನಲೈಸರ್ ಯುಪಿಎಸ್‌ಗೆ ತಳುಕು ಹಾಕಬೇಡಿ.

ಎಷ್ಟು ಹೊತ್ತು ನಡೆಯುತ್ತದೆ ಎಂಬ ಪ್ರಶ್ನೆಗೆ ಕೆವಿಎಯಲ್ಲಿ ಉತ್ತರವೇ ಇಲ್ಲ. ಬ್ಯಾಟರಿ ಖಾಲಿಯಾಗುವುದು ವ್ಯಾಟಿನಿಂದ. ಹೋಗಿಬರುವ ಕರೆಂಟಿಗಾಗಿ ಬ್ಯಾಟರಿ ಹೆಚ್ಚು ಕಳೆದುಕೊಳ್ಳುವುದಿಲ್ಲ. ಅಷ್ಟೇ ಅಲ್ಲ, 2 ಕೆವಿಎ ಬದಲು 3 ಕೆವಿಎ ತಂದು ಅದೇ ಬ್ಯಾಟರಿ ಇಟ್ಟರೆ ಸಮಯ ಒಂದು ನಿಮಿಷವೂ ಹೆಚ್ಚುವುದಿಲ್ಲ. "ದೊಡ್ಡ ಯುಪಿಎಸ್ ಹಾಕಿದ್ರ ಬ್ಯಾಕಪ್ ಜಾಸ್ತಿ" ಎಂದು ಅಂಗಡಿಯಲ್ಲಿ ಹೇಳಿದರೆ ಬ್ಯಾಟರಿ ಯಾವುದು, ಎಷ್ಟು ಎಂದು ಕೇಳಿ.

ಒಂದು ಉದಾಹರಣೆ ಲೆಕ್ಕ. 12 ವೋಲ್ಟ್, 42 ಎಎಚ್ ಬ್ಯಾಟರಿ ನಾಲ್ಕು ಎಂದರೆ 48 ಗುಣಿಸು 42, ಸುಮಾರು 2000 ವ್ಯಾಟ್ ಅವರ್. ಇದು ಕಾಗದದ ಮೇಲಿನ ಅಂಕಿ. 42 ಎಎಚ್ ಎಂಬುದು ಬ್ಯಾಟರಿಯನ್ನು ಹತ್ತಿಪ್ಪತ್ತು ತಾಸು ನಿಧಾನಕ್ಕೆ ಖಾಲಿ ಮಾಡಿದಾಗ ಸಿಗುವುದು. ಒಂದು ತಾಸಿನಲ್ಲಿ ಹಿಂಡಿದರೆ ಅದರ ಶೇ. 60ರಷ್ಟು ಸಿಕ್ಕರೆ ಹೆಚ್ಚು. ಇನ್ವರ್ಟರ್ ಭಾಗದಲ್ಲಿ ಇನ್ನೊಂದು ಶೇ. 15 ಬಿಸಿಯಾಗಿ ಹೋಗುತ್ತದೆ. ಉಳಿಯುವುದು ಸುಮಾರು 1000 ವ್ಯಾಟ್ ಅವರ್. ಎಲ್ಲ ಯಂತ್ರಗಳೂ ಓಡುತ್ತಿದ್ದರೆ 1120 ವ್ಯಾಟಿಗೆ ಇದು 55 ನಿಮಿಷದ ಆಸುಪಾಸು. ಕರೆಂಟ್ ಹೋದ ಕೂಡಲೇ ಇನ್‌ಕ್ಯುಬೇಟರ್ ಮತ್ತು ಸೆಂಟ್ರಿಫ್ಯೂಜ್ ಆರಿಸಿದಿರಿ ಎನ್ನಿ. ಉಳಿಯುವುದು 570 ವ್ಯಾಟ್, ಸಮಯ ಎರಡು ತಾಸಿನ ಹತ್ತಿರ ಹೋಗುತ್ತದೆ. ನಿಧಾನಕ್ಕೆ ಖಾಲಿ ಮಾಡಿದಾಗ ಬ್ಯಾಟರಿ ಕೊಡುವುದೂ ಹೆಚ್ಚು. ಇನ್‌ಕ್ಯುಬೇಟರ್ ಬಾಗಿಲು ಮುಚ್ಚಿದ್ದರೆ ಸ್ವಲ್ಪ ಹೊತ್ತು ತನ್ನ ಬಿಸಿ ತಾನೇ ಹಿಡಿದಿರುತ್ತದೆ. ಇವೆಲ್ಲ ಹೊಸ ಬ್ಯಾಟರಿಯ ಲೆಕ್ಕ. ಮತ್ತೆ ನಮ್ಮ ಬಿಸಿಲು ಗೊತ್ತಲ್ಲ, 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸೀಲ್ಡ್ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ತಗಡಿನ ಛಾವಣಿ ಕೆಳಗಿನ ಸಣ್ಣ ಸ್ಟೋರ್ ರೂಮಿನಲ್ಲಿ ಬ್ಯಾಟರಿ ಇಡುವ ಯೋಚನೆ ಇದ್ದರೆ ಈಗಲೇ ಬಿಡಿ. ಯುಪಿಎಸ್ ಕೂಡ ತನ್ನ ಪೂರ್ತಿ ವ್ಯಾಟ್ ಕೊಡುವುದು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಸುತ್ತಲಿನ ಗಾಳಿಯಲ್ಲಿ ಮಾತ್ರ. ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕಾಗಿಯೇ ಮೇಲೆ ಹೇಳಿದ ಆ ಕಾಲು ಭಾಗದ ಜಾಗ.

ಓವರ್‌ಲೋಡ್ ಆದರೆ ಹೇಗೆ ಗೊತ್ತಾಗುತ್ತದೆ? ಇದರಲ್ಲಿ ಒಂದು ಒಳಸುಳಿ ಇದೆ. ಆನ್‌ಲೈನ್ ಯುಪಿಎಸ್ ಕರೆಂಟ್ ಇರುವಾಗ ಓವರ್‌ಲೋಡ್ ಆದರೆ ಒಂದಿಷ್ಟು ಹೊತ್ತು ಕೂಗಿ, ಆಮೇಲೆ ಬೈಪಾಸ್‌ಗೆ ಹೋಗುತ್ತದೆ. ಅಂದರೆ ನಿಮ್ಮ ಯಂತ್ರಗಳನ್ನು ನೇರವಾಗಿ ಹೆಸ್ಕಾಂ ಲೈನಿಗೆ ಜೋಡಿಸಿ ತಾನು ಪಕ್ಕಕ್ಕೆ ಸರಿಯುತ್ತದೆ. ಎಲ್ಲ ಓಡುತ್ತಲೇ ಇರುತ್ತದೆ, ಯಾರಿಗೂ ಸುಳಿವು ಹತ್ತುವುದಿಲ್ಲ. ಆ ಸ್ಥಿತಿಯಲ್ಲಿ ಕರೆಂಟ್ ಹೋದರೆ ಯುಪಿಎಸ್ ಇದ್ದೂ ಎಲ್ಲ ಒಮ್ಮೆಲೇ ಆರುತ್ತದೆ. ಬ್ಯಾಟರಿ ಮೇಲೆ ಓಡುವಾಗ ಓವರ್‌ಲೋಡ್ ಆದರಂತೂ ಸರಿಯಲು ಇನ್ನೊಂದು ದಾರಿಯೇ ಇಲ್ಲ, ಕೆಲವೇ ಕ್ಷಣಗಳಲ್ಲಿ ಬಂದ್. ಲೈನ್ ಇಂಟರಾಕ್ಟಿವ್ ಮಾದರಿಯಲ್ಲಿ ಕರೆಂಟ್ ಇರುವಷ್ಟು ಹೊತ್ತು ಲೋಡು ನೇರ ಲೈನಿನ ಮೇಲೇ ಇರುತ್ತದೆ, ಹಾಗಾಗಿ ಸಣ್ಣದು ತಂದಿದ್ದರೆ ಅದು ಬಯಲಾಗುವುದು ಸಾಮಾನ್ಯವಾಗಿ ಕರೆಂಟ್ ಹೋದ ದಿನವೇ. ಬ್ಯಾಟರಿ ಕೆಟ್ಟಿದೆ ಎಂದುಕೊಂಡು ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕಥೆ. ಕರೆಂಟ್ ಹೋದ ತಕ್ಷಣವೇ ಆರಿದರೆ, ಅದೂ ಲೋಡು ಅರ್ಧ ಮಾಡಿದಾಗ ಚೆನ್ನಾಗಿ ನಡೆದರೆ, ಮೊದಲು ಓವರ್‌ಲೋಡನ್ನು ಅನುಮಾನಿಸಿ. ಕಡಿಮೆ ಲೋಡಿನಲ್ಲೂ ಹೇಳಿದ ಸಮಯದ ಕಾಲು ಭಾಗಕ್ಕೇ ನಿಂತರೆ ಆಗ ಬ್ಯಾಟರಿಯ ಕಡೆ ನೋಡಿ.

ಹಾಗಾಗಿ ಬಿಲ್ಲಿನ ಕೊನೆಯ ಕಂತು ಕೊಡುವ ಮೊದಲು ಡೀಲರ್ ಎದುರೇ ಒಂದು ಪರೀಕ್ಷೆ ಮಾಡಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಸೆಂಟ್ರಿಫ್ಯೂಜ್‌ನಲ್ಲಿ ಸ್ಯಾಂಪಲ್ ಬದಲು ನೀರಿನ ಟ್ಯೂಬ್ ಇಟ್ಟು ತಿರುಗಿಸಿ, ಇನ್‌ಕ್ಯುಬೇಟರ್ ತಣ್ಣಗಿರುವಾಗ ಹಾಕಿ ಹೀಟರ್ ಉರಿಯುವಂತೆ ಮಾಡಿ, ಅನಲೈಸರ್‌ಗಳಲ್ಲಿ ಕಂಟ್ರೋಲ್ ಓಡಿಸಿ. ಈಗ ಯುಪಿಎಸ್‌ಗೆ ಬರುವ ಎಂಸಿಬಿ ಇಳಿಸಿ. ಡಿಸ್‌ಪ್ಲೇಯಲ್ಲಿ ವ್ಯಾಟ್ ಮತ್ತು ವಿಎ ಎರಡನ್ನೂ ನೋಡಿ ಬರೆದುಕೊಳ್ಳಿ. ಬರೀ ಶೇಕಡಾ ತೋರಿಸುವ ಮಾದರಿಗಳಲ್ಲಿ ಬಹುತೇಕ ಎರಡರಲ್ಲಿ ಯಾವುದು ಹೆಚ್ಚೋ ಅದು ಕಾಣುತ್ತದೆ. 80ರ ಒಳಗಿದ್ದರೆ ಸರಿ. ಅರ್ಧ ತಾಸು ಹಾಗೇ ಬಿಡಿ. ಬ್ಯಾಟರಿ ಕೊಟ್ಟ ಮಾತು ಅಷ್ಟರಲ್ಲಿ ತಿಳಿಯುತ್ತದೆ.

ಕೊಟೇಶನ್ ಮತ್ತೆ ಬರೆಸಿಕೊಳ್ಳುವಾಗ "2 ಕೆವಿಎ" ಎಂದಷ್ಟೇ ಒಪ್ಪಬೇಡಿ. "2 ಕೆವಿಎ, 1600 ವ್ಯಾಟ್ ಅಥವಾ ಹೆಚ್ಚು, ಆನ್‌ಲೈನ್, ಪ್ಯೂರ್ ಸೈನ್‌ವೇವ್" ಎಂದು ಮೊದಲ ಸಾಲಿನಲ್ಲೂ, ಬ್ಯಾಟರಿಯ ವೋಲ್ಟ್, ಎಎಚ್, ಸಂಖ್ಯೆ ಮೂರನ್ನೂ ಎರಡನೆಯ ಸಾಲಿನಲ್ಲೂ ಬರೆಸಿ. 1800 ವ್ಯಾಟಿನದ್ದು ಸ್ವಲ್ಪ ಹೆಚ್ಚಿನ ಬೆಲೆಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಮುಂದೆ ಹಳೆಯ ಕಂಪ್ಯೂಟರ್ ಹೋಗಿ ಪಿಎಫ್‌ಸಿ ಇರುವ ಹೊಸ ಯಂತ್ರಗಳು ಬಂದಂತೆ ವಿಎ ಮತ್ತು ವ್ಯಾಟ್ ಹತ್ತಿರ ಹತ್ತಿರ ಬರುತ್ತವೆ, ಆಗ ನಿಮ್ಮನ್ನು ತಡೆಯುವುದು ವ್ಯಾಟ್ ಮಿತಿಯೇ. ವೈರಿಂಗ್ ಮಾಡಿಸುವಾಗ ಯುಪಿಎಸ್ ಸಾಕೆಟ್‌ಗಳಿಗೆ ಬೇರೆ ಬಣ್ಣದ ಪ್ಲೇಟ್ ಹಾಕಿಸಿ, ಅಲ್ಲಿ ಏನೇನು ಸಿಕ್ಕಿಸಬಹುದು ಎಂದು ಚೀಟಿ ಅಂಟಿಸಿ. ಚಹಾ ಕಾಯಿಸುವ ಕೆಟಲ್ 1500 ವ್ಯಾಟ್ ಇರುತ್ತದೆ, ಮತ್ತು ಅದಕ್ಕೆ ಖಾಲಿ ಸಾಕೆಟ್ ಹುಡುಕುವವರು ಪ್ರತಿ ಲ್ಯಾಬಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ.